ಎಕ್ಸ್-ರೇ ನಾರ್ಮಲ್, ಕಾಲು ನೋವು ಮಾತ್ರ ಹೋಗ್ತಿಲ್ಲ. ಯಾವ ಸ್ಕ್ಯಾನ್?

ಕಬ್ಬನ್‌ಓಟ: ಬೆಳಗ್ಗೆ ಕಬ್ಬನ್ ಪಾರ್ಕ್‌ನಲ್ಲಿ ಓಡುತ್ತೇನೆ. ಎರಡು ವಾರದಿಂದ ಎಡಗಾಲು ನೋವು, ಮೊಣಕಾಲಿನ ಕೆಳಗೆ ಮೂಳೆಯ ಒಳಮಗ್ಗುಲಲ್ಲಿ. ರೂಪಾಯಿ ನಾಣ್ಯದಷ್ಟು ಜಾಗ ಒತ್ತಿದರೆ ಜೀವ ಹೋಗುತ್ತೆ. ಎಕ್ಸ್-ರೇ ನಾರ್ಮಲ್. ಒಬ್ಬ ಡಾಕ್ಟರು ಬೋನ್ ಸ್ಕ್ಯಾನ್ ಅಂದರು, ಇನ್ನೊಬ್ಬರು ಎಂಆರ್‌ಐ. ಯಾವುದು ಮಾಡಿಸಲಿ?

ಮಲ್ಲೇಶ್ವರದವ: ಮೂಳೆಗೆ ಸಿಟಿ, ಲಿಗಮೆಂಟಿಗೆ ಎಂಆರ್‌ಐ. ಅಷ್ಟೇ ಲೆಕ್ಕ.

ಜಯನಗರ4: ಬೋನ್ ಸ್ಕ್ಯಾನ್ ಸುಲಭ ಕಣ್ರೀ. ನಮ್ಮಮ್ಮನಿಗೆ ಮಾಡಿಸಿದ್ವಿ. ಸೂಜಿ ಇಲ್ಲ, ಹತ್ತು ನಿಮಿಷದಲ್ಲಿ ಎದ್ದು ಬಂದರು.

ಎಕ್ಸ್‌ರೇರೂಮು: ನಿಮ್ಮಮ್ಮನಿಗೆ ಮಾಡಿದ್ದು ಡೆಕ್ಸಾ, ಮೂಳೆ ಎಷ್ಟು ಗಟ್ಟಿ ಅಂತ ನೋಡೋದು. ಇವರಿಗೆ ಹೇಳಿರೋ ಬೋನ್ ಸ್ಕ್ಯಾನ್‌ನಲ್ಲಿ ಟೆಕ್ನೀಷಿಯಂ ಅನ್ನೋ ವಿಕಿರಣ ಸೂಸುವ ವಸ್ತುವಿನ ಇಂಜೆಕ್ಷನ್ ಕೊಟ್ಟು, ಸುಮಾರು ಮೂರು ಗಂಟೆ ಬಿಟ್ಟು ಫೋಟೋ ತೆಗೆಯುತ್ತಾರೆ. ನಮ್ಮ ಕೌಂಟರಿನಲ್ಲೂ ದಿನಾ ಇದೇ ಗೊಂದಲ.

ಮಲ್ಲೇಶ್ವರದವರ ಮಾತು ಅರ್ಧ ಸರಿ. ಮೂಳೆ ಚೂರಾಗಿದ್ದರೆ, ಬಿರುಕಿನ ಗೆರೆ ಎಲ್ಲಿ ಹೋಗಿದೆ ಅಂತ ನೋಡಬೇಕಾದರೆ ಸಿಟಿಯೇ ಚೆನ್ನ. ಆದರೆ ಓಡಿ ಓಡಿ ಮೂಳೆ ದಣಿದಾಗ ಮೊದಲು ಗೆರೆ ಬೀಳುವುದಿಲ್ಲ. ಒಳಗಿನ ಮಜ್ಜೆ ಊದಿಕೊಳ್ಳುತ್ತೆ. ಅದು ಸಿಟಿಗೆ ಕಾಣುವುದಿಲ್ಲ. ಎಕ್ಸ್-ರೇಯಲ್ಲೂ ಮೊದಲ ಎರಡು ಮೂರು ವಾರ ಏನೂ ಕಾಣದೇ ಇರಬಹುದು. ಎಂಆರ್‌ಐನಲ್ಲಿ ಕೊಬ್ಬಿನ ಬಿಳುಪು ಅಡಗಿಸಿ ತೆಗೆದ ಚಿತ್ರದಲ್ಲಿ ಆ ಊತ ಬೆಳ್ಳಗೆ ಹೊಳೆಯುತ್ತೆ.

ಬೋನ್ ಸ್ಕ್ಯಾನ್ ಕೂಡ ಬೇಗ ಹಿಡಿಯುತ್ತೆ. ಆದರೆ ಅದು ತೋರಿಸೋದು ಇಲ್ಲಿ ಮೂಳೆ ಕೆಲಸ ಮಾಡ್ತಿದೆ ಅಂತ ಮಾತ್ರ. ಯಾಕೆ ಅಂತ ಹೇಳಲ್ಲ. ಈ ಕಾಲಿಗೆ ಮೊದಲು ಏಟಾಗಿತ್ತಾ?

ಕಬ್ಬನ್‌ಓಟ: ಹತ್ತು ತಿಂಗಳ ಹಿಂದೆ ಸ್ಕೂಟರಿಂದ ಬಿದ್ದು ಇದೇ ಮೂಳೆ ಬಿರುಕು ಬಿಟ್ಟಿತ್ತು, ಈಗಿನ ನೋವಿಗಿಂತ ಸ್ವಲ್ಪ ಕೆಳಗೆ. ಪ್ಲಾಸ್ಟರ್ ಅಷ್ಟೇ, ರಾಡ್ ಹಾಕಿಲ್ಲ.

ಎಕ್ಸ್‌ರೇರೂಮು: ಇದನ್ನ ಮೊದಲೇ ಹೇಳಬೇಕಿತ್ತು! ಹಳೇ ಮುರಿತ ಕೂಡಿದ ಮೇಲೂ ಬೋನ್ ಸ್ಕ್ಯಾನ್‌ನಲ್ಲಿ ತಿಂಗಳುಗಟ್ಟಲೆ ಕಪ್ಪಗೆ ಕಾಣುತ್ತೆ, ಒಮ್ಮೊಮ್ಮೆ ವರ್ಷ ದಾಟಿದರೂ. ಹಳೇ ಕಲೆ ಯಾವುದು, ಹೊಸದು ಯಾವುದು ಅಂತ ಒದ್ದಾಡಬೇಕು. ನಾನಾದರೆ ಎಂಆರ್‌ಐ ಅಂತೀನಿ. ಪೇಸ್‌ಮೇಕರ್ ಇದ್ದಿದ್ದರೆ, ಇಲ್ಲಾ ಮೈಯಲ್ಲಿ ನಾಲ್ಕು ಕಡೆ ನೋವಿದ್ದಿದ್ದರೆ ಬೋನ್ ಸ್ಕ್ಯಾನ್ ಕಡೆ ವಾಲುತ್ತಿದ್ದೆ. ಎರಡನೇ ಡಾಕ್ಟರಿಗೂ ಹಳೇ ಏಟಿನ ವಿಷಯ ಹೇಳಿ. ಅಲ್ಲಿವರೆಗೆ ಓಟ ಬೇಡ.

ಕಬ್ಬನ್‌ಓಟ: ಎಂಆರ್‌ಐ ಆಯ್ತು. ನೋವಿರೋ ಕಡೆಯೇ ಮಜ್ಜೆ ಊದಿದೆ, ಬಿರುಕಿನ ಗೆರೆ ಇಲ್ಲ. ಹಳೇ ಜಾಗ ಸುಮ್ನೆ ಇದೆ. ಆರು ವಾರ ಓಡಬೇಡಿ ಅಂದರು. ಆಮೇಲೆ ಇನ್ನೊಂದು ಎಂಆರ್‌ಐ ತೆಗೆಸಿ ನೋಡಿಕೊಂಡು ಓಡಲಾ?

ಮಲ್ಲೇಶ್ವರದವ: ಮತ್ತೆ ತೆಗೆಸಿ, ಗ್ಯಾರಂಟಿ ಸಿಗುತ್ತೆ.

ಎಕ್ಸ್‌ರೇರೂಮು: ನನಗೆ ಹಾಗನ್ನಿಸಲ್ಲ. ನೋವು ಹೋದ ಮೇಲೂ ಊತ ಉಳಿದಿರಬಹುದು, ಅದನ್ನ ನೋಡಿ ಸುಮ್ನೆ ಹೆದರುತ್ತೀರಿ. ಒತ್ತಿದಾಗ, ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ನೋವು ಇದೆಯಾ ಅಂತ ಡಾಕ್ಟರೇ ನೋಡ್ತಾರೆ. ಆದರೆ ಹಳೇ ಮುರಿತ ಇರೋ ಮೂಳೆ ಅಂತ ಅವರು ಮತ್ತೊಂದು ಕೇಳಿದರೆ ತಪ್ಪು ಅನ್ನಲ್ಲ.