"ಆಫ್ ಮಾಡಿ ಕೈ ಹಾಕಬೇಡಿ": ಎಸ್‌ಒಪಿ ಕನ್ನಡಕ್ಕೆ ತಂದವರ ಅನುಭವ

ಕೇಳಿದವರು: ಮಾತ್ರೆ ಫ್ಯಾಕ್ಟರಿಯಲ್ಲಿದ್ದೇನೆ. ಪುಡಿ ಕಲಸೋ ಆರ್‌ಎಂಜಿ ಮೆಷಿನ್‌ನ ಕ್ಲೀನಿಂಗ್ ಎಸ್‌ಒಪಿಯನ್ನು, ಅಂದರೆ ಕೆಲಸ ಹೇಗೆ ಮಾಡಬೇಕು ಅನ್ನೋ ಲಿಖಿತ ಸೂಚನೆಯನ್ನು, ಕನ್ನಡಕ್ಕೆ ಮಾಡೋ ಕೆಲಸ ನನ್ನ ತಲೆಗೆ ಬಂದಿದೆ. ಸ್ಟೆಪ್‌ಗಳ ಕ್ರಮ ತಪ್ಪಬಾರದು, ವಾರ್ನಿಂಗ್ ಮೆತ್ತಗಾಗಬಾರದು. ಮಾಡಿದವರು ಹೇಳ್ತೀರಾ?

ಅನುವಾದಕಿ, ಮೊದಲು ಪ್ರೊಡಕ್ಷನ್‌ನಲ್ಲಿದ್ದವರು: ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ನನ್ನದೂ ಆರ್‌ಎಂಜಿಯೇ. ಇಂಗ್ಲಿಷಿನಲ್ಲಿ ಎರಡು ವಾಕ್ಯ ಇದ್ದವು. ಮೇನ್ ಸ್ವಿಚ್ ಆಫ್ ಮಾಡಬೇಕು ಅನ್ನೋದು ಒಂದು. ಒಳಗೆ ತಿರುಗೋ ಬ್ಲೇಡ್, ಅಂದರೆ ಇಂಪೆಲರ್, ಪೂರ್ತಿ ನಿಲ್ಲುವ ತನಕ ಬೌಲ್ ಒಳಗೆ ಕೈ ಹಾಕಬಾರದು ಅನ್ನೋದು ಇನ್ನೊಂದು. ಓದೋಕೆ ಸಲೀಸಾಗಲಿ ಅಂತ ಜೋಡಿಸಿ ಬರೆದೆ: "ಮೇನ್ ಸ್ವಿಚ್ ಆಫ್ ಮಾಡಿ ಬೌಲ್ ಒಳಗೆ ಕೈ ಹಾಕಬೇಡಿ." ಹೊಸದಾಗಿ ಸೇರಿದ ಹುಡುಗ ಓದಿ, "ಆಫ್ ಮಾಡಿದ್ರೆ ಕೈ ಹಾಕಬಾರದಾ ಮೇಡಂ? ಮತ್ತೆ ಯಾವಾಗ ಹಾಕೋದು?" ಅಂದ.

ಅವನು ಓದಿದ್ದು ಸರಿಯೇ. ನಮ್ಮ "ಮಾಡಿ" ಅಪ್ಪಣೆಯೂ ಆಗುತ್ತದೆ, "ಮಾಡಿದ ಮೇಲೆ" ಅಂತಲೂ ಆಗುತ್ತದೆ. ಹಿಂದೆ "ಮಾಡಿ", ಮುಂದೆ "ಬೇಡಿ" ಬಂದರೆ ಆ ಬೇಡ ಯಾವುದಕ್ಕೆ ಅಂತ ಗೊತ್ತಾಗೋದಿಲ್ಲ. ಇನ್ನೊಂದು ಕಾಟ "ಮೊದಲು". "ಚಾಪರ್ ಬಿಚ್ಚುವ ಮೊದಲು ಮೇನ್ ಆಫ್ ಮಾಡಿ" ಅಂದರೆ ಕಣ್ಣಿಗೆ ಮೊದಲು ಬೀಳೋದು ಬಿಚ್ಚೋ ಕೆಲಸ. ಓದುತ್ತಾ ಓದುತ್ತಾ ಕೈ ಸ್ಪ್ಯಾನರ್‌ಗೆ ಹೋಗಿರುತ್ತದೆ. ಕೊನೆಗೆ ಹೀಗೆ ಬರೆದೆ:

ಅಪಾಯ: ಆಫ್ ಮಾಡಿದ ಮೇಲೂ ಇಂಪೆಲರ್ ಸ್ವಲ್ಪ ಹೊತ್ತು ತಿರುಗುತ್ತದೆ. ಕೈ ತುಂಡಾಗಬಹುದು.
5.3.1 ಮೇನ್ ಸ್ವಿಚ್ ಆಫ್ ಮಾಡಿ.
5.3.2 ಸ್ವಿಚ್‌ಗೆ ಬೀಗ ಜಡಿಯಿರಿ.
5.3.3 ಇಂಪೆಲರ್ ನಿಂತಿದೆಯೇ ಎಂದು ಲಿಡ್‌ನ ಗಾಜಿನಲ್ಲಿ ನೋಡಿ.
5.3.4 ನಿಂತಿದ್ದನ್ನು ಕಣ್ಣಾರೆ ನೋಡಿದ ಮೇಲೆ ಮಾತ್ರ ಲಿಡ್ ತೆರೆಯಿರಿ.

ಒಂದು ಸಾಲಿಗೆ ಒಂದೇ ಕೆಲಸ, ಕೊನೆಗೆ ಚುಕ್ಕಿ. ಅಪಾಯದ ಮಾತು ಆ ಕೆಲಸಕ್ಕಿಂತ ಮೇಲೇ ಇರಬೇಕು. ಕೆಳಗಿದ್ದರೆ ಕೈ ಹಾಕಿಯಾದ ಮೇಲೆ ಓದುತ್ತಾರೆ.

ಕ್ಯೂಎ, ಗುಣಮಟ್ಟ ನೋಡೋ ವಿಭಾಗದವರು: ಮೇಡಂ, ಬರವಣಿಗೆ ಚೆನ್ನಾಗಿದೆ. ಆದರೆ ಇಂಗ್ಲಿಷಿನಲ್ಲಿ ಎರಡಿದ್ದ ಸ್ಟೆಪ್ ಇಲ್ಲಿ ನಾಲ್ಕಾಗಿದೆ. ಕ್ಲೀನಿಂಗ್ ರೆಕಾರ್ಡಿನಲ್ಲಿ "5.3.2 ಮಾಡಲಾಗಿದೆ" ಅಂತ ಸೈನ್ ಮಾಡಿದರೆ ಯಾವ 5.3.2? ಒಂದೋ 5.3.1ಅ, 5.3.1ಆ ಅಂತ ಒಳಗೇ ಒಡೆಯಿರಿ. ಇಲ್ಲಾ ಚೇಂಜ್ ಕಂಟ್ರೋಲ್, ಅಂದರೆ ಬದಲಾವಣೆಗೆ ಒಪ್ಪಿಗೆ ಕೇಳೋ ಅರ್ಜಿ, ಹಾಕಿ ಇಂಗ್ಲಿಷನ್ನೂ ಒಡೆಸಿ. ಬೀಗದ ಸಾಲು ಇಂಗ್ಲಿಷಿನಲ್ಲಿ ಇರಲಿಲ್ಲ ಅಂದರೆ ಎರಡನೇ ದಾರಿಯೇ ಗತಿ. ಅನುವಾದದಲ್ಲಿ ಹೊಸ ಸ್ಟೆಪ್ ಹುಟ್ಟಬಾರದು, ಒಳ್ಳೆಯದಾದರೂ ಸರಿ.

ಅನುವಾದಕಿ: ಹೌದು ಸರ್, ಆ ಸಾಲಿಗೆ ಇಂಗ್ಲಿಷನ್ನೂ ರಿವೈಸ್ ಮಾಡಿಸಿದ್ದೆವು. ಎರಡು ತಿಂಗಳು ಹಿಡಿಯಿತು.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ? ಕನ್ನಡದ್ದನ್ನು ಬೇರೆಯವರ ಕೈಲಿ ವಾಪಸ್ ಇಂಗ್ಲಿಷಿಗೆ ಮಾಡಿಸಿ, ಮೂಲದ ಜೊತೆ ಹೋಲಿಸಿ. ತಪ್ಪು ತಾನಾಗೇ ಸಿಗುತ್ತೆ.

ಅನುವಾದಕಿ: ಬಿಟ್ಟುಹೋದ ಸಾಲು, 70%ಗೆ ಬದಲು 7% ಅಂತಾದ ಐಪಿಎ ಆಲ್ಕೋಹಾಲ್, ಇಂಥವು ಸಿಗುತ್ತವೆ. ನನ್ನ "ಆಫ್ ಮಾಡಿ ಕೈ ಹಾಕಬೇಡಿ" ಸಿಗಲಿಲ್ಲ. ವಾಪಸ್ ಮಾಡಿದವರಿಗೆ ಮೆಷಿನ್ ಗೊತ್ತಿತ್ತು. ಸರಿಯಾದ ಅರ್ಥವನ್ನೇ ಊಹಿಸಿ ಬರೆದುಬಿಟ್ಟರು. ಮೆಷಿನ್ ಮುಟ್ಟದ ಒಬ್ಬರಿಗೆ ಕನ್ನಡದ ಪ್ರತಿ ಕೊಡಿ. ಪವರ್ ಇಲ್ಲದ ಮೆಷಿನ್ ಮುಂದೆ ನಿಲ್ಲಿಸಿ, ಒಂದೊಂದೇ ಸಾಲು ಓದಿಸಿ, ಏನು ಮಾಡ್ತೀಯ ಅಂತ ಬೆರಳಲ್ಲಿ ತೋರಿಸೋಕೆ ಹೇಳಿ. ನೀವು ಬಾಯಿ ಬಿಡಬೇಡಿ. ಅವರು ತಡವರಿಸಿದ ಜಾಗಕ್ಕೆ ಗುರುತು ಹಾಕಿಕೊಳ್ಳಿ.

ಬೀದರ್ ಕಡೆಯವರು: ನಮ್ಮದು ಬಲ್ಕ್ ಡ್ರಗ್, ರಿಯಾಕ್ಟರ್ ಕೆಲಸ. ನಮಗೆ ಕಾಡಿದ್ದು "ತೆಗೆ" ಮತ್ತು "ಹಾಕು". "ವಾಲ್ವ್ ತೆಗೆಯಿರಿ" ಅಂದರೆ ಓಪನ್ ಮಾಡೋದೂ ಹೌದು, ಬಿಚ್ಚಿ ಕೆಳಗಿಡೋದೂ ಹೌದು. "ಬಾಗಿಲು ಹಾಕಿ" ಅಂದರೆ ಮುಚ್ಚೋದು, "ಸ್ವಿಚ್ ಹಾಕಿ" ಅಂದರೆ ಆನ್. ಹಾಗಾದ್ರೆ "ವಾಲ್ವ್ ಹಾಕಿ"? ಈಗ ಇವೆರಡನ್ನೂ ಪೂರ್ತಿ ಕೈಬಿಟ್ಟಿದ್ದೇವೆ. ವಾಲ್ವ್‌ಗೆ ಓಪನ್, ಬಂದ್. ಪಾರ್ಟ್‌ಗೆ ಬಿಚ್ಚು, ಜೋಡಿಸು. ಪ್ಯಾನೆಲ್ ಮೇಲೆ `STOP` ಅಂತಿದ್ದರೆ ಎಸ್‌ಒಪಿಯಲ್ಲೂ `STOP` ಅಂತಲೇ ಇರುತ್ತದೆ. "ನಿಲುಗಡೆ ಗುಂಡಿ" ಅಂತ ಬರೆದಾಗ ಯಾರಿಗೂ ಸಿಕ್ಕಿರಲಿಲ್ಲ!

ಮತ್ತೊಬ್ಬರು: ನಮ್ಮ ಲೈನ್‌ನಲ್ಲಿ ಅರ್ಧ ಜನ ಒಡಿಶಾದವರು. ಕನ್ನಡ ಮಾತಾಡ್ತಾರೆ, ಓದೋಕೆ ಬರೋದಿಲ್ಲ. ಅವರಿಗೇನು ಮಾಡೋದು?

ಕ್ಯೂಎ: ಅವರಿಗೆ ಕನ್ನಡದ ಪ್ರತಿ ಇಟ್ಟು ಟ್ರೈನಿಂಗ್ ಆಯ್ತು ಅಂತ ಸೈನ್ ಮಾಡಿಸಬೇಡಿ, ಅಷ್ಟು ಹೇಳಬಲ್ಲೆ. ನಾವು ಫೋಟೋ ಹಾಕಿದ್ದೇವೆ. ಇಂಪೆಲರ್ ನಿಂತ ಫೋಟೋ, ತಿರುಗೋ ಫೋಟೋ, ಎರಡೂ ಒಂದೇ ಥರ ಕಾಣುತ್ತೆ ಅನ್ನೋದು ಬೇರೆ ಮಾತು.

ಕೇಳಿದವರು: ಇವತ್ತು ಬಿ ಶಿಫ್ಟ್‌ನಲ್ಲಿ ಪ್ಯಾಕಿಂಗ್‌ನ ಹುಡುಗಿಯೊಬ್ಬಳನ್ನು ಕರೆದು ಓದಿಸಿದೆ. ಎರಡು ಕಡೆ ನಿಂತಳು, ಎರಡೂ ಕಡೆ "ತೆಗೆಯಿರಿ" ಇತ್ತು. ಒಂದು ಜಗಳ ಮಾತ್ರ ಉಳಿದಿದೆ. "ಕೈ ಹಾಕಬಾರದು" ಅಂತ ಬರೆದರೆ ಬುದ್ಧಿಮಾತಿನ ಥರ ಕೇಳುತ್ತೆ, "ಹಾಕಬೇಡಿ" ಇರಲಿ ಅನ್ನೋದು ನನ್ನ ಮಾತು. ನಮ್ಮ ಮ್ಯಾನೇಜರ್‌ಗೆ "ದಯವಿಟ್ಟು ಹಾಕಬೇಡಿ" ಬೇಕಂತೆ.

ಬೀದರ್ ಕಡೆಯವರು: ದಯವಿಟ್ಟು ತೆಗೀರಿ ಸರ್. ಬಿಚ್ಚೋದಲ್ಲ, ಅಳಿಸೋದು.