ಡಿಮ್ಯಾಗ್ನೆಟೈಸ್ ಮಾಡಿದರೂ ಆಟೋಮ್ಯಾಟಿಕ್ ವಾಚು ಮತ್ತೆ ಮುಂದೆ ಓಡ್ತಿದೆ: ತಪ್ಪು ಬ್ಯಾಗಿನದೋ, ಫೋನಿನದೋ?

ಮುಳ್ಳುಗಡಿಯಾರ
ಮೊದಲು ದಿನಕ್ಕೆ 6 ಸೆಕೆಂಡು ಮುಂದೆ ಹೋಗುತ್ತಿದ್ದ ಆಟೋಮ್ಯಾಟಿಕ್ ವಾಚು ಈಗ 140 ಸೆಕೆಂಡು ಮುಂದೆ ಓಡುತ್ತಿದೆ. ಬಿದ್ದಿಲ್ಲ, ನೀರು ಹೋಗಿಲ್ಲ. ಹ್ಯಾಂಡ್‌ಬ್ಯಾಗಿನ ಮುಚ್ಚಳಕ್ಕೆ ಅಯಸ್ಕಾಂತದ ಗುಂಡಿ ಇದೆ, ವಾಚು ಬಿಚ್ಚಿದಾಗ ಅದರ ಹಿಂದಿನ ಜೇಬಿಗೆ ಹಾಕುವ ಅಭ್ಯಾಸ. ರಾತ್ರಿ ಫೋನಿನ ಪಕ್ಕ ಇಡುತ್ತೇನೆ. ಎಲ್ಲರೂ ತರಿಸುವ ನೀಲಿ ಡಬ್ಬಿಯ ಡಿಮ್ಯಾಗ್ನೆಟೈಸರ್ ತರಿಸಿದೆ. ಒಮ್ಮೆ ಮಾಡಿದಾಗ +35ಕ್ಕೆ ಇಳಿಯಿತು. ಇನ್ನೂ ಇಳಿಯಲಿ ಅಂತ ಮತ್ತೆ ಮಾಡಿದರೆ +190! ಡಬ್ಬಿಯೇ ಕೆಟ್ಟದ್ದಾ? ಮುಂದೆ ಹೀಗಾಗದಂತೆ ಬ್ಯಾಗನ್ನು ದೂರ ಇಡಬೇಕೋ, ಫೋನನ್ನೋ?

ಹಳೇಚಾವಿ
ಫೋನೇ ಮೇಡಂ. ರಾತ್ರಿಯೆಲ್ಲ ಪಕ್ಕದಲ್ಲಿದ್ದರೆ ಕಾಂತತೆ ಸ್ವಲ್ಪಸ್ವಲ್ಪವಾಗಿ ತುಂಬಿಕೊಳ್ಳುತ್ತೆ. ಮುಂದೆ ಓಡುತ್ತಿದೆ ಅಂದರೆ ವಾಚಿನ ಲಯ ಕಾಯುವ ಸುರುಳಿ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟುತ್ತಿವೆ ಅಂತಲೇ ಅರ್ಥ. ಕೆಲವು ದಿನ ಫೋನಿನಿಂದ ದೂರ ಇಟ್ಟು ನೋಡಿ, ತಾನೇ ಇಳಿಯಬಹುದು. ಇಳಿಯದಿದ್ದರೆ ವೇಗ ಹೊಂದಿಸುವ ಪುಟ್ಟ ಕಡ್ಡಿ ರೆಗ್ಯುಲೇಟರನ್ನು ಮೈನಸ್ ಕಡೆಗೆ ಒಂದು ಕೂದಲೆಳೆಯಷ್ಟು ತಳ್ಳಿಸಿ.

ಲೂಪ್‌ಕಣ್ಣು
ಸುತ್ತುಗಳು ಅಂಟುತ್ತವೆ ಅನ್ನುವುದು ಸರಿ. ಉಳಿದದ್ದನ್ನು ಒಪ್ಪಲಾರೆ ಚಾವಿಯವರೇ. ಉಕ್ಕು ಎಷ್ಟು ಹೊತ್ತು ಅಯಸ್ಕಾಂತದ ಹತ್ತಿರ ಇತ್ತು ಅನ್ನುವುದಕ್ಕಿಂತ ಎಷ್ಟು ಹತ್ತಿರ ಹೋಯಿತು ಅನ್ನುವುದೇ ಮುಖ್ಯ. ಗುಂಡಿಗೆ ಒಂದು ಕ್ಷಣ ತಾಗಿ ಹೋದರೂ ಸಾಕು. ದುರ್ಬಲ ಕ್ಷೇತ್ರದಲ್ಲಿ ರಾತ್ರಿಯಿಡೀ ಇದ್ದರೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಹಾಗೆಯೇ ಒಮ್ಮೆ ಹಿಡಿದ ಕಾಂತತೆ ದೂರ ಇಟ್ಟ ಮಾತ್ರಕ್ಕೆ ಇಳಿಯುವುದೂ ಇಲ್ಲ.

ರೆಗ್ಯುಲೇಟರನ್ನಂತೂ ಈಗ ಮುಟ್ಟಲೇಬೇಡಿ. 140 ಸೆಕೆಂಡು ಅಂದರೆ ದಿನದ 86,400ರಲ್ಲಿ 0.16 ಶೇಕಡಾ. ಸ್ಪ್ರಿಂಗಿನ ಉದ್ದ ಎಷ್ಟು ಕಡಿಮೆಯಾಗುತ್ತದೋ ವೇಗ ಸುಮಾರು ಅದರ ಅರ್ಧದಷ್ಟು ಏರುತ್ತದೆ. ಹಾಗಾಗಿ ಸ್ಪ್ರಿಂಗ್ 10 ಸೆಂಟಿಮೀಟರ್ ಉದ್ದ ಅಂತ ಇಟ್ಟುಕೊಂಡರೆ, ಕೆಲಸ ಮಾಡುವ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗ ಕಡಿಮೆಯಾದರೂ ಇಷ್ಟು ಓಡುತ್ತದೆ. ಅಂಟಿದ ಸುತ್ತು ಬಿಟ್ಟುಕೊಂಡ ದಿನ ಉದ್ದ ಮೊದಲಿನಂತಾಗುತ್ತದೆ. ಅಷ್ಟರಲ್ಲಿ ನೀವು ರೆಗ್ಯುಲೇಟರ್ ತಳ್ಳಿದ್ದರೆ ವಾಚು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ.

ಇನ್ನೊಂದು ಮಾತು. ಮುಂದೆ ಓಡುವ ಪ್ರತಿಯೊಂದಕ್ಕೂ ಕಾಂತತೆಯೇ ಕಾರಣವಲ್ಲ. ಸ್ಪ್ರಿಂಗಿಗೆ ಎಣ್ಣೆ ತಾಗಿದರೂ, ಪೆಟ್ಟು ಬಿದ್ದು ಸುತ್ತು ಸಿಕ್ಕಿಕೊಂಡರೂ ಇದೇ ಲಕ್ಷಣ. ಆದರೆ ಮೇಡಂ ವಾಚು ಡಬ್ಬಿ ಮುಟ್ಟಿಸಿದಾಗಲೆಲ್ಲ ಬೇರೆ ಬೇರೆ ಸಂಖ್ಯೆ ತೋರಿಸುತ್ತಿದೆ. ಎಣ್ಣೆ ಹಾಗೆ ಮಾಡುವುದಿಲ್ಲ.

@ಮುಳ್ಳುಗಡಿಯಾರ, ಡಬ್ಬಿಯ ಬಟನ್ ಯಾವಾಗ ಬಿಟ್ಟಿರಿ? ವಾಚು ಡಬ್ಬಿಯ ಮೇಲೆಯೇ ಇದ್ದಾಗಲಾ?

ಮುಳ್ಳುಗಡಿಯಾರ
ಹೌದು. ವಾಚು ಮೇಲಿಟ್ಟು ಬಟನ್ ಒತ್ತಿ, ಐದಾರು ಸೆಕೆಂಡಿಗೆ ಡಬ್ಬಿ ಗುಂಯ್‌ಗುಟ್ಟಿ ಬಿಸಿಯಾಗುತ್ತಿದೆ ಅನ್ನಿಸಿ ಬಿಟ್ಟೆ. ಆಮೇಲೆ ವಾಚು ತೆಗೆದೆ.

ಲೂಪ್‌ಕಣ್ಣು
ಕಾರಣ ಅದೇ. ಡಬ್ಬಿ ಸರಿಯಾಗಿಯೇ ಇದೆ.

ಒಳಗೆ ಇರುವುದು ಒಂದು ಕಾಯಿಲ್, ಅದಕ್ಕೆ ಗೋಡೆಯ ಪ್ಲಗ್ಗಿನ ಎಸಿ ಕರೆಂಟು. 50 ಹರ್ಟ್ಸ್ ಅಂದರೆ ಕ್ಷೇತ್ರದ ದಿಕ್ಕು ಸೆಕೆಂಡಿಗೆ ನೂರು ಸಲ ಮಗುಚುತ್ತದೆ. ಕಾಯಿಲಿನ ಹತ್ತಿರ ಆ ಕ್ಷೇತ್ರ ಜೋರಾಗಿರುವುದರಿಂದ ಉಕ್ಕಿನಲ್ಲಿ ಮೊದಲಿದ್ದ ಕಾಂತತೆ ಅಳಿಸಿ, ಕಾಯಿಲ್ ಹೇಳಿದ ಕಡೆಗೆಲ್ಲ ಉಕ್ಕು ತಿರುಗುತ್ತದೆ. ವಾಚನ್ನು ನಿಧಾನಕ್ಕೆ ದೂರ ಒಯ್ದರೆ ಪ್ರತಿ ಮಗುಚಿಗೂ ಕ್ಷೇತ್ರ ಒಂದಿಷ್ಟು ಇಳಿಯುತ್ತದೆ, ಉಳಿಯುವ ಕಾಂತತೆಯೂ ಹೆಚ್ಚೂಕಡಿಮೆ ಸೊನ್ನೆಗೆ ಬಂದು ನಿಲ್ಲುತ್ತದೆ. ವಾಚು ಡಬ್ಬಿಯ ಮೇಲಿರುವಾಗಲೇ ಬಟನ್ ಬಿಟ್ಟರೆ ಕರೆಂಟು ಆ ಕ್ಷಣ ಎಲ್ಲಿತ್ತೋ ಅಲ್ಲಿಗೇ ಕಡಿಯುತ್ತದೆ. ಒಳ್ಳೆಯ ಕ್ಷಣದಲ್ಲಿ ಕಡಿದರೆ ನಿಮ್ಮ ಅದೃಷ್ಟ, +35. ಕೆಟ್ಟ ಕ್ಷಣದಲ್ಲಿ ಕಡಿದರೆ +190. ನೀವು ಲಾಟರಿ ಆಡಿದಿರಿ ಅಷ್ಟೇ.

ಹೀಗೆ ಮಾಡಿ. ಫೋನು, ಬ್ಯಾಗು, ಇಯರ್‌ಫೋನ್ ಡಬ್ಬಿ, ಸ್ಕ್ರೂಡ್ರೈವರ್ ಯಾವುದೂ ಮೇಜಿನ ಮೇಲೆ ಬೇಡ. ಸ್ಟೀಲ್ ಚೈನ್ ಇದ್ದರೆ ಕೊಂಡಿ ಬಿಚ್ಚಿ ಉದ್ದಕ್ಕೆ ಹರಡಿ. ಮುಚ್ಚಿದ ಚೈನು ಬಳೆಯಂತೆ ಸುತ್ತು ಪೂರ್ತಿ ಮಾಡಿ, ತನ್ನಲ್ಲೇ ಕರೆಂಟು ಹರಿಸಿಕೊಂಡು ಕ್ಷೇತ್ರವನ್ನು ಕುಗ್ಗಿಸುತ್ತದೆ. ವಾಚನ್ನು ಡಯಲ್ ಮೇಲೆ ಮಾಡಿ ಡಬ್ಬಿಯ ಮೇಲೆ ಚಪ್ಪಟೆಯಾಗಿ ಹಿಡಿದು ಬಟನ್ ಒತ್ತಿ. ಒತ್ತಿಕೊಂಡೇ ಮೂರು ನಾಲ್ಕು ಸೆಕೆಂಡಿನಲ್ಲಿ ನೇರ ಮೇಲಕ್ಕೆ, ಕೈ ಚಾಚುವಷ್ಟು, ಅಂದರೆ 50-60 ಸೆಂಟಿಮೀಟರ್ ಎತ್ತಿ. ಎತ್ತುವಾಗ ಎಲ್ಲೂ ನಿಲ್ಲಬೇಡಿ, ಜರ್ಕ್ ಬೇಡ. ಅಷ್ಟು ದೂರ ಹೋದ ಮೇಲೆಯೇ ಬಟನ್ ಬಿಡಿ. ಆಮೇಲೆ ಚಾವಿಯ ಗುಬ್ಬಿ ಮೇಲೆ ಬರುವಂತೆ ವಾಚನ್ನು ನಿಲ್ಲಿಸಿ ಹಿಡಿದು ಮತ್ತೊಮ್ಮೆ. ಬಟನ್ ಒತ್ತಿಯೇ ಇಟ್ಟರೆ ಕಾಯಿಲ್ ಸುಡುತ್ತದೆ, ಎರಡು ಸಲದ ನಡುವೆ ಡಬ್ಬಿ ಆರಲಿ.

ಬೆಳ್ಳಿಬಿಲ್ಲೆ
ನಂದೂ ಇದೇ ಕಥೆ. ಬ್ಯಾಗಿನ ಗುಂಡಿ ಹತ್ತಿರ ಹೋದರೆ ಮುಳ್ಳು ನಿಂತೇ ಹೋಗುತ್ತೆ, ದೂರ ತೆಗೆದರೆ ಮತ್ತೆ ಓಡುತ್ತೆ, ಆದರೆ ಟೈಮ್ ಹಿಂದೆ. ಸೆಲ್ ಹಾಕುವ ವಾಚು. ನಾನೂ ಈ ಡಬ್ಬಿ ತಗೊಳ್ಳಲಾ?

ಲೂಪ್‌ಕಣ್ಣು
ಬೇಡ ರೀ. ಸೆಲ್ ವಾಚಿನಲ್ಲಿ ಹೇರ್‌ಸ್ಪ್ರಿಂಗೇ ಇಲ್ಲ. ಮುಳ್ಳು ತಿರುಗಿಸುವ ಪುಟ್ಟ ಮೋಟರಿನ ರೋಟರೇ ಒಂದು ಅಯಸ್ಕಾಂತ, ಹೊರಗಿನ ಗುಂಡಿ ಅದನ್ನು ಹಿಡಿದು ನಿಲ್ಲಿಸುತ್ತದೆ. ದೂರ ತೆಗೆದರೆ ಬಿಟ್ಟುಕೊಳ್ಳುತ್ತದೆ, ಟೈಮ್ ಸರಿ ಮಾಡಿಕೊಂಡರೆ ಮುಗಿಯಿತು. ಡಿಮ್ಯಾಗ್ನೆಟೈಸರಿಗೆ ಹಾಕಿದರೆ ಇರಬೇಕಾದ ಆ ಅಯಸ್ಕಾಂತವೇ ದುರ್ಬಲವಾಗಬಹುದು.

ಸುರುಳಿ72
ಬ್ಯಾಗೋ ಫೋನೋ ಅನ್ನುವುದನ್ನು ಅಳೆದೇ ನೋಡಬಹುದು. ಫೋನಿನ ದಿಕ್ಸೂಚಿ ಸೆನ್ಸರಿನ ಓದನ್ನು ಮೈಕ್ರೋಟೆಸ್ಲಾದಲ್ಲಿ ತೋರಿಸುವ ಆ್ಯಪ್‌ಗಳಿವೆ. x, y, z ಬೇರೆ ಬೇರೆಯಾಗಿ ತೋರಿಸುವಂಥದ್ದು ತಗೊಳ್ಳಿ, ಒಟ್ಟು ಮೊತ್ತ ನೋಡಿದರೆ ಭೂಮಿಯ ಕ್ಷೇತ್ರವೂ ಬೆರೆತು ಲೆಕ್ಕ ತಪ್ಪುತ್ತದೆ. ಫೋನನ್ನು ಅಲ್ಲಾಡಿಸದೆ ಇಟ್ಟು ಬ್ಯಾಗಿನ ಗುಂಡಿಯ ಮುಖವನ್ನು ಸೆನ್ಸರಿನಿಂದ 10 ಸೆಂಟಿಮೀಟರಿಗೆ ತನ್ನಿ. ಯಾವ ಅಕ್ಷ ಹೆಚ್ಚು ಬದಲಾಯಿತೋ ಆ ವ್ಯತ್ಯಾಸವೇ ಗುಂಡಿಯ ಪಾಲು.

ಅದು 60 ಬಂತು ಅಂದುಕೊಳ್ಳಿ. ದೂರ ಅರ್ಧವಾದರೆ ಕ್ಷೇತ್ರ ಎಂಟು ಪಟ್ಟು. 10ರಿಂದ 2 ಸೆಂಟಿಮೀಟರಿಗೆ ಬಂದರೆ ಐದರ ಘನ, 125 ಪಟ್ಟು, 7,500 ಮೈಕ್ರೋಟೆಸ್ಲಾ, ಅಂದರೆ 7.5 ಮಿಲಿಟೆಸ್ಲಾ. ಕಾಂತನಿರೋಧಕ ವಾಚಿಗೆ ಐಎಸ್‌ಒ 764 ಇಟ್ಟಿರುವ ಪರೀಕ್ಷೆ ಮೀಟರಿಗೆ 4,800 ಆಂಪಿಯರ್, ಸುಮಾರು 6 ಮಿಲಿಟೆಸ್ಲಾ. ಅಂಥ ವಾಚು ಕೂಡ ಪರೀಕ್ಷೆಯ ನಂತರ ದಿನಕ್ಕೆ 30 ಸೆಕೆಂಡಿನವರೆಗೆ ಬದಲಾಗಬಹುದು. ಗುಂಡಿ ಆ ಮಿತಿಯನ್ನು 2 ಸೆಂಟಿಮೀಟರಿನಲ್ಲೇ ದಾಟಿಬಿಡುತ್ತದೆ. ತೀರಾ ಹತ್ತಿರಕ್ಕೆ ಈ ಘನದ ಲೆಕ್ಕ ನಿಲ್ಲುವುದಿಲ್ಲ, ಅಂದಾಜಿಗಷ್ಟೇ.

ಫೋನಿನ ಸ್ಪೀಕರಿನ ಅಯಸ್ಕಾಂತ ಇದಕ್ಕಿಂತ ಬಹಳ ಚಿಕ್ಕದು. ಒಂದು ಗೇಣು ದೂರದಲ್ಲಿ ಮಲಗಿಸಿದರೆ ಚಿಂತೆಯಿಲ್ಲ. ಸ್ಪೀಕರಿನ ಜಾಲರಿಗೇ ತಾಗಿಸಿದರೆ ಮಾತು ಬೇರೆ. ಫೋನಿನ ಬೆನ್ನಿಗೆ ಚಾರ್ಜರ್ ಕಚ್ಚಿಕೊಳ್ಳುವ ಅಯಸ್ಕಾಂತದ ಉಂಗುರ ಇದ್ದರೆ ಅಲ್ಲಿಯೂ ವಾಚು ಮಲಗಿಸಬೇಡಿ.

ಮುಳ್ಳುಗಡಿಯಾರ
ನನ್ನ ಗುಂಡಿಗೆ 10 ಸೆಂಟಿಮೀಟರಿನಲ್ಲಿ 48 ಬಂತು. ಜೇಬು ಗುಂಡಿಯ ನೇರ ಹಿಂದೆಯೇ ಇದೆ, ನಡುವೆ ಒಂದು ಪದರ ಬಟ್ಟೆ. ಸರಿ, ಬ್ಯಾಗೇ.

ಲೂಪ್‌ಕಣ್ಣು ಹೇಳಿದಂತೆ ಎತ್ತಿ ಮಾಡಿದೆ, ಚಪ್ಪಟೆ ಒಮ್ಮೆ, ನಿಲ್ಲಿಸಿ ಒಮ್ಮೆ. ಟಿಕ್‌ಟಿಕ್ ಕೇಳಿ ವೇಗ ಅಳೆಯುವ ಟೈಮ್‌ಗ್ರಾಫರ್ ಆ್ಯಪಿನಲ್ಲಿ +8! ಆದರೆ ಇವತ್ತು ಬೆಳಗ್ಗೆ ಅದೇ ಆ್ಯಪಿನಲ್ಲಿ ನೋಡಿದರೆ +55. ರಾತ್ರಿ ಕಪಾಟಿನಲ್ಲಿತ್ತು, ಬ್ಯಾಗಿನ ಹತ್ತಿರ ಹೋಗೇ ಇಲ್ಲ. ಕಾಂತತೆ ಮರಳಿ ಬರುತ್ತಾ?

ಹಳೇಚಾವಿ
ನೋಡಿದಿರಾ, ತಾನೇ ಬಂತು.

ಲೂಪ್‌ಕಣ್ಣು
ತಾನೇ ಬರುವುದಿಲ್ಲ. ಆ್ಯಪಿನಲ್ಲಿ ನೋಡುವಾಗ ವಾಚನ್ನು ಫೋನಿನ ಎಲ್ಲಿಗೆ ಹಿಡಿದಿರಿ?

ಮುಳ್ಳುಗಡಿಯಾರ
ಕೆಳಗಿನ ಅಂಚಿನ ಮೈಕಿಗೆ ಒತ್ತಿ. ಟಿಕ್‌ಟಿಕ್ ಅಲ್ಲೇ ಚೆನ್ನಾಗಿ ಕೇಳುವುದು.

ಲೂಪ್‌ಕಣ್ಣು
ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಚಾರ್ಜಿಂಗ್ ತೂತಿನ ಒಂದು ಪಕ್ಕ ಮೈಕು, ಇನ್ನೊಂದು ಪಕ್ಕ ಸಾಲು ತೂತುಗಳು, ಅದು ಸ್ಪೀಕರು. ವಾಚಿನ ಅಗಲಕ್ಕೆ ಎರಡೂ ಸಿಗುತ್ತವೆ. ನಿನ್ನೆ +8 ತೋರಿಸಿ ಕೆಳಗಿಡುವ ಹೊತ್ತಿಗೇ ವಾಚು ಸ್ಪೀಕರಿನ ಮೇಲೆ ಜಾರಿರಬೇಕು. ಅಳೆಯುವ ಕೆಲಸವೇ ಕೆಡಿಸಿತು.

ಇನ್ನು ಮುಂದೆ ವೈರ್ ಇರುವ ಇಯರ್‌ಫೋನಿನ ಮಧ್ಯದ ಚಿಕ್ಕ ಮೈಕನ್ನು ವಾಚಿನ ಹಿಂಭಾಗಕ್ಕೆ ತಾಗಿಸಿ ಅಳೆಯಿರಿ. ಕಿವಿಗೆ ಹಾಕುವ ತುದಿಗಳಲ್ಲೂ ಅಯಸ್ಕಾಂತವಿದೆ, ಅವು ಬದಿಗಿರಲಿ. ಕಾಂತತೆ ಇದೆಯೋ ಇಲ್ಲವೋ ನೋಡಲು ಎಣ್ಣೆ ತುಂಬಿದ ಚಿಕ್ಕ ದಿಕ್ಸೂಚಿ ಸಾಕು. ಮುಳ್ಳಿನ ಒಂದು ತುದಿಯ ಪಕ್ಕ ವಾಚನ್ನು ತಂದು ನಿಧಾನಕ್ಕೆ ತಿರುಗಿಸಿ. ಯಾವ ಕಡೆ ತಿರುಗಿಸಿದರೂ ಮುಳ್ಳು ಎಳೆದುಕೊಳ್ಳುತ್ತಲೇ ಇದ್ದರೆ ಅದು ಬರೀ ಉಕ್ಕಿನ ಎಳೆತ. ಒಂದು ಕಡೆ ಎಳೆದು ಇನ್ನೊಂದು ಕಡೆ ತಳ್ಳಿದರೆ ಕಾಂತತೆ ಹಿಡಿದಿದೆ.

ಮುಳ್ಳುಗಡಿಯಾರ
ತಳ್ಳುತ್ತಿತ್ತು, 9 ಗಂಟೆಯ ಕಡೆ. ಮತ್ತೆ ಡಬ್ಬಿ, ಈಗ ತಳ್ಳುವುದಿಲ್ಲ. ಇಯರ್‌ಫೋನ್ ಮೈಕಿನಲ್ಲಿ +9, ಎರಡು ದಿನ ಆದರೂ ಅದೇ. ಮೊದಲಿನ +6ಕ್ಕೆ ಯಾಕೆ ಬಂದಿಲ್ಲ?

ಲೂಪ್‌ಕಣ್ಣು
ಮೂರು ಸೆಕೆಂಡು ವಾಚು ಇಟ್ಟ ಭಂಗಿಯಿಂದಲೂ ಬರುತ್ತದೆ, ಚಾವಿ ಎಷ್ಟು ತುಂಬಿದೆ ಅನ್ನುವುದರಿಂದಲೂ. ಅದಕ್ಕೆ ಡಬ್ಬಿ ಮುಟ್ಟಬೇಡಿ.

ಹಳೇಚಾವಿ
ನನ್ನದೊಂದು ಪ್ರಶ್ನೆ. ಒಳಗಿನ ಯಂತ್ರದ, ಅಂದರೆ ಮೂವ್‌ಮೆಂಟಿನ ಸುತ್ತ ಮೆದುಕಬ್ಬಿಣದ ಒಳಕೋಶ ಇರುವ ವಾಚು ಇದೆ. ಅದಕ್ಕೂ ಹೊರಗಿನಿಂದಲೇ ಆಗುತ್ತಾ?

ಸುರುಳಿ72
ಅಯಸ್ಕಾಂತವನ್ನು ತಡೆಯುವ ಕೋಶ ಡಬ್ಬಿಯ ಕ್ಷೇತ್ರವನ್ನೂ ತಡೆಯುತ್ತದೆ. ಒಳಗೆ ಕಾಂತತೆ ಹಿಡಿದಿದ್ದರೆ ಮೂವ್‌ಮೆಂಟ್ ಹೊರತೆಗೆದೇ ಮಾಡಬೇಕು.

ಲೂಪ್‌ಕಣ್ಣು
ಪೂರ್ತಿ ತಡೆಯುವುದಿಲ್ಲ. ದೊಡ್ಡ ಕಾಯಿಲ್ ಆದರೆ ಕಬ್ಬಿಣ ತುಂಬಿಕೊಂಡ ಮೇಲೆ ಉಳಿದ ಕ್ಷೇತ್ರ ಒಳಗೆ ಹೋಗುತ್ತದೆ. ಈ ನೀಲಿ ಡಬ್ಬಿಗೆ ಅಷ್ಟು ತಾಕತ್ತಿದೆಯಾ ಅನ್ನುವುದರಲ್ಲಿ ಮಾತ್ರ ಅನುಮಾನ.

ಸುರುಳಿ72
ನಾನು ಹೇಳಿದ್ದೂ ನೀಲಿ ಡಬ್ಬಿಗೇ. ದೊಡ್ಡ ಕಾಯಿಲ್ ಇದ್ದವರು ಕೋಶ ಸಮೇತ ಒಮ್ಮೆ, ತೆಗೆದು ಒಮ್ಮೆ ಮಾಡಿ ಎರಡೂ ರೀಡಿಂಗ್ ಹಾಕಿದರೆ ಗೊತ್ತಾಗುತ್ತದೆ.