ಪದಚರ್ಚೆ: ‘ಕರೆಕ್ಟಿವ್ ಶೇಪ್’ – ತಿದ್ದುರೂಪವೋ, ದುರಸ್ತಿಯೋ?

ಕಲಬುರಗಿಯಿಂದ, ಅನುವಾದಕಿ:
ಎಲ್ಲರಿಗೂ ಶರಣು. ನಮ್ಮ ಅನಿಮೇಶನ್ ತರಗತಿಗಾಗಿ ಮುಖದ ರಿಗ್ಗಿಂಗ್, ಅಂದರೆ ಪಾತ್ರದ ಮುಖವನ್ನು ಆಡಿಸುವ ವ್ಯವಸ್ಥೆ ಕಟ್ಟುವ ಕೆಲಸದ ಕುರಿತ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಮುಖವನ್ನು ಮೊದಲೇ ಕೆತ್ತಿದ ಇನ್ನೊಂದು ರೂಪಕ್ಕೆ ಒಯ್ಯುವ ಬ್ಲೆಂಡ್‌ಶೇಪ್, ಮೂಳೆಯಂತೆ ತಿರುಗಿ ಮುಖವನ್ನು ಆಡಿಸುವ ಬೋನ್ ಎಂಬವನ್ನು ಹಾಗೆಯೇ ಇಟ್ಟಿದ್ದೇನೆ. ಎರಡು ಶೇಪ್‌ಗಳು ಕೂಡಿದಾಗ ತುಟಿಯ ಮೂಲೆ ಕೆಡದಂತೆ ಸೇರಿಸುವ ‘ಕರೆಕ್ಟಿವ್ ಶೇಪ್’ಗೆ ‘ತಿದ್ದುರೂಪ’ ಎನ್ನಬಹುದೇ? ‘ದುರಸ್ತಿ’ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಬೇಗ ತಿಳಿಯುತ್ತದೆ.

ಬೀದರಿನಿಂದ:
‘ತಿದ್ದುರೂಪ’ ಅರಿಸಮಾಸ, ಬೇಡ. ‘ದುರಸ್ತಿ’ ಪಾರಸಿ, ಅದಂತೂ ಬೇಡವೇ ಬೇಡ. ‘ತಿದ್ದಚ್ಚು’ ಎನ್ನಿ, ಎರಡೂ ಅಚ್ಚಗನ್ನಡ.

ಯಾದಗಿರಿಯಿಂದ:
ನಾನು ಮೊಬೈಲ್ ಆಟಗಳ ಮುಖಗಳನ್ನು ಬೋನ್‌ಗಳಿಂದಲೇ ಆಡಿಸುತ್ತೇನೆ. ಬಾಯಿ ತೆರೆಯುವಾಗ ಗದ್ದ ಕಮಾನಿನ ದಾರಿಯಲ್ಲಿ ತಿರುಗಬೇಕು. ಬ್ಲೆಂಡ್‌ಶೇಪ್ ಪ್ರತಿ ಬಿಂದುವನ್ನೂ ನೇರ ಗೆರೆಯಲ್ಲಿ ಒಯ್ಯುವುದರಿಂದ ನಡುದಾರಿಯಲ್ಲಿ ಗದ್ದ ಕುಗ್ಗುತ್ತದೆ. ಎಲ್ಲವನ್ನೂ ಬೋನ್‌ಗೆ ಒಪ್ಪಿಸಿದರೆ ಈ ಪದವೇ ಬೇಕಾಗದು.

ಕಲಬುರಗಿಯಿಂದ, ರಿಗ್ಗಿಂಗ್ ಕಲಿಸುವವರು:
ದವಡೆಯ ಮಾತು ಸರಿ, ಉಳಿದದ್ದು ಸರಿಯಲ್ಲ. ಬೋನ್ ತಿರುಗಿದಾಗಲೂ ತುಟಿಯ ಮೂಲೆ ಹಿಸುಕಿಹೋಗುತ್ತದೆ, ಅಲ್ಲಿಯೂ ಇಂಥ ಶೇಪ್ ಬೇಕು. ‘ದುರಸ್ತಿ’ಗೆ ನನ್ನ ಆಕ್ಷೇಪ ಪಾರಸಿಯ ಕಾರಣಕ್ಕಲ್ಲ, ಇಲ್ಲಿ ಬಿಡಿ ಶೇಪ್ ಯಾವುದೂ ಕೆಟ್ಟಿಲ್ಲ, ಅವುಗಳ ಮೊತ್ತ ಕೆಟ್ಟಿದೆ. ತುಟಿಯ ಮೂಲೆಯನ್ನು ನಗು 10 ಮಿ.ಮೀ., ‘ಈ’ ಉಚ್ಚಾರ 8, ಕೆನ್ನೆಗುಳಿ 4 ಹೊರಕ್ಕೆಳೆಯುತ್ತವೆ ಎಂದುಕೊಳ್ಳಿ. ನಗುವಿಗೆ ‘ಈ’ ಕೂಡಿದರೆ 18, ಬೇಕಾದದ್ದು 12, ಆದ್ದರಿಂದ ಆ ಜೋಡಿಯ ಶೇಪ್ −6. ಇದೇ ರೀತಿ ನಗು ಮತ್ತು ಗುಳಿಗೆ −3, ‘ಈ’ ಮತ್ತು ಗುಳಿಗೆ −2 ಬಂದವೆನ್ನಿ. ಜಗಳ ಹುಟ್ಟುವುದು ಮೂರೂ ಕೂಡಿದಾಗ. ಅಲ್ಲಿ 13 ಬೇಕೆಂದು ಮೂಲದ 22ನ್ನಷ್ಟೇ ನೋಡಿ −9 ಕೊಟ್ಟರೆ, ಜೋಡಿಗಳ −11 ಕೂಡ ಅದೇ ಹೊತ್ತಿಗೆ ಕೆಲಸ ಮಾಡಿ ಮೂಲೆ 2ಕ್ಕೆ ಕುಸಿಯುತ್ತದೆ. ಜೋಡಿಗಳು ಅದನ್ನು ಆಗಲೇ 11ಕ್ಕೆ ತಂದಿರುವುದರಿಂದ ಮೂರರ ಶೇಪ್‌ಗೆ ಉಳಿದದ್ದು +2 ಮಾತ್ರ. ಜೋಡಿಗಳನ್ನು ಮುಗಿಸಿದ ಮೇಲೆಯೇ ಮೂರರದ್ದನ್ನು ಕೆತ್ತಬೇಕು; ಆಮೇಲೆ ಒಂದು ಜೋಡಿಯನ್ನು ಮುಟ್ಟಿದರೂ ಮೂರರದ್ದನ್ನು ಮತ್ತೆ ಲೆಕ್ಕ ಹಾಕಬೇಕು. ಶೇಪ್‌ಗಳ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಸ್ಲೈಡರ್‌ಗಳನ್ನು ಒಂದೊಂದಾಗಿ ಎಳೆದು ನೋಡಿದರೆ ಈ ದೋಷ ಕಾಣುವುದೇ ಇಲ್ಲ.

ಬೀದರಿನಿಂದ:
ಲೆಕ್ಕವನ್ನು ಒಪ್ಪಿದೆ. ಲೆಕ್ಕ ಸರಿಯಾದ ಮಾತ್ರಕ್ಕೆ ಅರಿಸಮಾಸ ಸರಿಯಾಗದು.

ಯಾದಗಿರಿಯಿಂದ:
ಅರ್ಜಿ, ತಹಸೀಲು, ದುರಸ್ತಿ ಎಲ್ಲವೂ ನಮ್ಮ ಭಾಗದಲ್ಲಿ ಎಂದೋ ಕನ್ನಡವಾಗಿವೆ. ಅವನ್ನು ಹೊರಗಿನವೆಂದು ತಳ್ಳುವವರು ಇಲ್ಲಿನ ಮಾತನ್ನೇ ತಳ್ಳುತ್ತಿದ್ದಾರೆ.

ಕಲಬುರಗಿಯಿಂದ, ಅನುವಾದಕಿ:
‘ಜೋಡಿ ತಿದ್ದುರೂಪ’, ‘ಮೂರರ ತಿದ್ದುರೂಪ’ ಎಂದೇ ಅಚ್ಚಿಗೆ ಕಳುಹಿಸುತ್ತೇನೆ. ಸರ್, ಇನ್ನೊಂದು ಸಂದೇಹವಿದೆ. ಎರಡೂ ಸ್ಲೈಡರ್ ಅರ್ಧಕ್ಕಿದ್ದಾಗ ಅವನ್ನು ಗುಣಿಸಿದರೆ ತಿದ್ದುರೂಪ ಕಾಲು ಭಾಗವಷ್ಟೇ ಬರುತ್ತದೆ. ಎರಡರಲ್ಲಿ ಚಿಕ್ಕದನ್ನು ಹಿಡಿದರೆ ಅರ್ಧ ಬರುತ್ತದೆ. ಕೈಪಿಡಿಯಲ್ಲಿ ಯಾವುದನ್ನು ಬರೆಯಲಿ?

ಕಲಬುರಗಿಯಿಂದ, ರಿಗ್ಗಿಂಗ್ ಕಲಿಸುವವರು:
ಗುಣಿಸುವುದನ್ನೇ ಬರೆಯಿರಿ. ಚಿಕ್ಕದನ್ನು ಹಿಡಿದರೆ, ಒಂದು ಸ್ಲೈಡರ್ ಇನ್ನೊಂದನ್ನು ದಾಟುವ ಕ್ಷಣದಲ್ಲಿ ತುಟಿಯ ಚಲನೆ ಥಟ್ಟನೆ ದಿಕ್ಕು ಬದಲಿಸಿದಂತೆ ಕಾಣುತ್ತದೆ. ಅರ್ಧದಲ್ಲಿ ತಿದ್ದುಪಡಿ ಸಾಲದಿದ್ದರೆ ಅಲ್ಲಿಗೆಂದೇ ಒಂದು ನಡುವಣ ಶೇಪ್ ಕೆತ್ತಬಹುದು.